ಬೀಜ, ಗೊಬ್ಬರ, ಔಷಧಿಯ ದಾಸ್ತಾನು ಪುಸ್ತಕ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮದು ಹಾವೇರಿ ಕಡೆಯ ಮೂರು ಎಕರೆ ಹೊಲ. ಎರಡು ಎಕರೆ ಗೋವಿನಜೋಳ, ಅರ್ಧ ಎಕರೆ ಶೇಂಗಾ, ಇನ್ನರ್ಧ ಎಕರೆ ಮೆಣಸಿನಗಿಡ. ಕೆಲವು ವರ್ಷಗಳಿಂದ ಒಂದು ನೂರು ಪುಟದ ನೋಟ್‌ಬುಕ್ಕಿನಲ್ಲಿ ತಂದದ್ದು, ಹಾಕಿದ್ದು, ಉಳಿದದ್ದು ಬರೆದಿಡುತ್ತಿದ್ದೇನೆ. ಅದನ್ನು ನೋಡಿದವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ.

ಮೂರು ಎಕರೆಗೆ ಪುಸ್ತಕ ಯಾಕೆ? ಎಲ್ಲಾ ತಲೆಯಲ್ಲೇ ಇರುತ್ತಲ್ವಾ?

ತಂದದ್ದು ತಲೆಯಲ್ಲಿ ಇರುತ್ತದೆ. ಉಳಿದದ್ದು ಇರೋದಿಲ್ಲ. ಜೂನ್‌ನಲ್ಲಿ ನಾಲ್ಕು ಪಾಕೀಟು ಬೀಜ ತಂದೆವು ಅನ್ನೋದು ಎಲ್ಲರಿಗೂ ನೆನಪಿರುತ್ತದೆ. ಆದರೆ ಅಟ್ಟದ ಮೇಲಿರುವ ಅರ್ಧ ಬಾಟಲಿ ಯಾವ ವರ್ಷದ್ದು, ಯಾವ ಬೆಳೆಗೆ ತಂದದ್ದು ಅಂತ ಕೇಳಿದರೆ ಮನೆಯಲ್ಲಿ ಮೂರು ಜನ ಮೂರು ಉತ್ತರ ಕೊಡುತ್ತಾರೆ.

ನಾನು ಬರೆಯೋಕೆ ಶುರು ಮಾಡಿದ್ದೇ ಅಂಥ ಒಂದು ಬಾಟಲಿಯಿಂದ. ಗೋವಿನಜೋಳದ ಕಳೆಗೆ ತಂದಿದ್ದ 2,4-ಡಿ ಸ್ವಲ್ಪ ಉಳಿದಿತ್ತು. ಡಬ್ಬಿಯ ಮುಚ್ಚಳ ಒಡೆದಿದ್ದಕ್ಕೆ ಅದನ್ನು ಬೇರೆ ಖಾಲಿ ಬಾಟಲಿಗೆ ಸುರಿದಿಟ್ಟಿದ್ದೆವು. ಮರುವರ್ಷ ನಮ್ಮ ಕಾಕಾ ಅದನ್ನೇ ಹುಳದ ಔಷಧಿ ಅಂದುಕೊಂಡು ಮೆಣಸಿನಗಿಡಕ್ಕೆ ಹೊಡೆದರು. ಮರುದಿನದ ಹೊತ್ತಿಗೆ ಸುಳಿ ತಿರುಚಿಕೊಂಡಿತ್ತು. ವಾರದೊಳಗೆ ಹೊಸ ಎಲೆಗಳು ದಾರದ ಹಾಗೆ ಸಣ್ಣಗೆ, ಉದ್ದಕ್ಕೆ ಬಂದವು. 2,4-ಡಿ ಅಗಲ ಎಲೆಯ ಗಿಡಗಳನ್ನು ಕೊಲ್ಲೋಕೇ ಇರುವ ಔಷಧಿ. ಜೋಳ ತಡೆದುಕೊಳ್ಳುತ್ತದೆ, ಮೆಣಸು ತಡೆಯೋದಿಲ್ಲ. ಕಾಕಾನ ತಪ್ಪು ಅಂತ ನಾನು ಹೇಳೋದಿಲ್ಲ. ಬಾಟಲಿಯ ಮೇಲೆ ಹೆಸರು ಇರಲಿಲ್ಲ, ಅಷ್ಟೇ.

ಏನೇನು ಬರೆಯಬೇಕು?

ಎಡಪುಟದಲ್ಲಿ ತಂದದ್ದು, ಬಲಪುಟದಲ್ಲಿ ಬಳಸಿದ್ದು. ಒಂದು ಸಾಮಾನಿಗೆ ಒಂದು ಜೋಡಿ ಪುಟ. ಎಡಗಡೆ ತಂದ ದಿನ, ಸಾಮಾನಿನ ಹೆಸರು, ಲಾಟ್ ಅಥವಾ ಬ್ಯಾಚ್ ನಂಬರು, ತಯಾರಾದ ತಿಂಗಳು, ಅವಧಿ ಮುಗಿಯುವ ತಿಂಗಳು, ಎಷ್ಟು, ಬಿಲ್ ನಂಬರು. ಬಲಗಡೆ ದಿನ, ಯಾವ ಹೊಲ, ಎಷ್ಟು ತೆಗೆದೆವು, ಎಷ್ಟು ಉಳಿಯಿತು.

ಔಷಧಿ ಪುಟದಲ್ಲಿ ಮಾತ್ರ ಇನ್ನೊಂದು ಕಲಂ ಇದೆ: ಎಷ್ಟು ಪಂಪು ಹೊಡೆದೆವು. ಇದು ಮುಂದಿನ ವರ್ಷ ಎಷ್ಟು ಉಪಯೋಗಕ್ಕೆ ಬರುತ್ತದೆ ಅಂತ ಕೆಳಗೆ ಹೇಳುತ್ತೇನೆ.

ಬೆಲೆಯ ಕಲಂ ಹಾಕಿಲ್ಲ. ಬಿಲ್ಲನ್ನೇ ಆ ಪುಟಕ್ಕೆ ಪಿನ್ ಮಾಡಿದರೆ ಸಾಕು. ಬಿಸಿಲಿಗೆ ಬಿಲ್ಲಿನ ಅಕ್ಷರ ಮಾಸಿಹೋಗುತ್ತದೆ. ಅದರಲ್ಲೂ ಗೊಬ್ಬರ ಕೊಂಡಾಗ ಆಧಾರ್ ಯಂತ್ರದಿಂದ ಬರುವ ಚೀಟಿ ಮೊದಲು ಬೆಳ್ಳಗಾಗುತ್ತದೆ. ಅದಕ್ಕೇ ತಂದ ದಿನವೇ ಮೊಬೈಲ್‌ನಲ್ಲಿ ಒಂದು ಫೋಟೋ ಹೊಡೆದಿಡಿ.

ಲಾಟ್ ನಂಬರ್ ಬರೆದು ಏನು ಮಾಡೋದು?

ಬೀಜ ಹುಟ್ಟಲಿಲ್ಲ ಅಂದುಕೊಳ್ಳಿ. ಕೃಷಿ ಇಲಾಖೆಗೆ ದೂರು ಕೊಟ್ಟರೆ ಮೊದಲು ಕೇಳೋದು ಬಿಲ್ಲು ಮತ್ತು ಲಾಟ್ ನಂಬರು. ಒಂದೇ ಕಂಪನಿಯ ಒಂದೇ ತಳಿಯಲ್ಲಿ ಒಂದು ಲಾಟ್ ಚೆನ್ನಾಗಿದ್ದು ಇನ್ನೊಂದು ಕೆಟ್ಟಿರಬಹುದು. ನಂಬರ್ ಇಲ್ಲದಿದ್ದರೆ ನಿಮ್ಮ ಬೀಜ ಯಾವ ಲಾಟಿನದು ಅಂತ ತೋರಿಸೋಕೆ ಆಗೋದಿಲ್ಲ. ಬಿಲ್ಲಿನಲ್ಲೂ ಲಾಟ್ ನಂಬರ್ ಬರೆಸಿಕೊಳ್ಳಿ. ಅಂಗಡಿಯವರು ‘ಸುಮ್ನೆ ಯಾಕ್ರೀ’ ಅನ್ನಬಹುದು. ಆದರೂ ಬರೆಸಿಕೊಳ್ಳಿ.

ಬೀಜದ ಪ್ರಕರಣದಲ್ಲಿ ರೈತರು ಗ್ರಾಹಕರ ನ್ಯಾಯಾಲಯಕ್ಕೂ ಹೋಗಬಹುದು ಅಂತ ಸುಪ್ರೀಂ ಕೋರ್ಟು 2012ರಲ್ಲಿ ಹೇಳಿದೆ. ನಾನಂತೂ ಬಿತ್ತಿದ ಮೇಲೆ ಖಾಲಿ ಪಾಕೀಟು, ಅದರ ಚೀಟಿ, ಒಂದು ಹಿಡಿ ಬೀಜ ಈ ಮೂರನ್ನೂ ಕಟಾವಿನ ತನಕ ಎತ್ತಿಡುತ್ತೇನೆ.

ಬೀಜದ ಚೀಟಿಯ ಬಣ್ಣ ಏನು ಹೇಳುತ್ತದೆ?

ನೀಲಿ ಚೀಟಿ ಇದ್ದರೆ ಪ್ರಮಾಣಿತ ಬೀಜ. ಬಿಳಿ ಇದ್ದರೆ ಮೂಲ ಬೀಜ, ಅದು ಬೀಜೋತ್ಪಾದನೆ ಮಾಡುವವರಿಗೆ. ತಿಳಿ ಹಸಿರು ಇದ್ದರೆ ಕಂಪನಿ ತಾನೇ ಪರೀಕ್ಷೆ ಮಾಡಿ ‘ಇದು ಹೀಗಿದೆ’ ಅಂತ ತಾನೇ ಬರೆದುಕೊಟ್ಟ ಬೀಜ. ಖಾಸಗಿ ಹೈಬ್ರಿಡ್‌ಗಳಲ್ಲಿ ಹೆಚ್ಚಾಗಿ ಸಿಗೋದು ಈ ಹಸಿರು ಚೀಟಿಯೇ. ಹಸಿರು ಅಂದ ಮಾತ್ರಕ್ಕೆ ಕಳಪೆ ಅಂತಲ್ಲ.

ಬಣ್ಣಕ್ಕಿಂತ ಜಾಸ್ತಿ ನೋಡಬೇಕಾದದ್ದು ಪರೀಕ್ಷೆ ಮಾಡಿದ ದಿನ. ಪ್ರಮಾಣಿತ ಬೀಜಕ್ಕೆ ಆ ದಿನದಿಂದ ಒಂಬತ್ತು ತಿಂಗಳು ಅವಧಿ. ಸೆಪ್ಟೆಂಬರ್‌ನಲ್ಲಿ ಪರೀಕ್ಷೆಯಾದ ಬೀಜವನ್ನು ಜೂನ್ ಮೊದಲಲ್ಲಿ ಕೊಂಡರೆ ಅವಧಿ ಮುಗಿಯುವ ಹೊಸ್ತಿಲಲ್ಲಿ ಕೊಂಡ ಹಾಗೆ. ಮಳೆ ಹದಿನೈದು ದಿನ ತಡವಾದರೆ ಆ ಬೀಜ ನಿಮ್ಮ ಮನೆಯಲ್ಲೇ ಅವಧಿ ಮೀರುತ್ತದೆ.

ಕಳೆದ ವರ್ಷದ ಒಂದು ಪಾಕೀಟು ಗೋವಿನಜೋಳ ಉಳಿದಿದೆ. ಬಿತ್ತಬಹುದಾ?

ಬಿತ್ತುವುದಕ್ಕೆ ಹತ್ತು ದಿನ ಮುಂಚೆ ಪರೀಕ್ಷೆ ಮಾಡಿ ನೋಡಿ. ಆರಿಸದೆ ನೂರು ಕಾಳು ತೆಗೆಯಿರಿ. ಚೆನ್ನಾಗಿರೋದನ್ನೇ ಆರಿಸಿದರೆ ನಿಮಗೆ ನೀವೇ ಮೋಸ ಮಾಡಿಕೊಂಡ ಹಾಗೆ. ಒದ್ದೆ ಮಾಡಿ ಹಿಂಡಿದ ಗೋಣಿತಟ್ಟಿನ ಮೇಲೆ ಸಾಲಾಗಿ ಇಟ್ಟು, ಸುರುಳಿ ಸುತ್ತಿ, ನೆರಳಿನಲ್ಲಿಡಿ. ದಿನಾ ಸ್ವಲ್ಪ ನೀರು ಚಿಮುಕಿಸಿ. ಏಳನೇ ದಿನ ಬಿಚ್ಚಿ ಎಣಿಸಿ. ಬೇರು, ಮೊಳಕೆ ಎರಡೂ ಗಟ್ಟಿಯಾಗಿ ಬಂದವನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ. ಬರೀ ಬೇರಿನ ತುದಿ ಕಂಡದ್ದು, ಬೂಸ್ಟು ಹಿಡಿದದ್ದು ಲೆಕ್ಕಕ್ಕಿಲ್ಲ.

ಗೋವಿನಜೋಳ ಹೈಬ್ರಿಡ್ಡಿಗೆ ಕನಿಷ್ಠ 90 ಇರಬೇಕು. ನಿಮ್ಮದರಲ್ಲಿ 75 ಬಂತು ಅಂದುಕೊಳ್ಳಿ. ಎಕರೆಗೆ 8 ಕಿಲೋ ಹಾಕುವಲ್ಲಿ 9.6 ಕಿಲೋ ಬೇಕಾಗುತ್ತದೆ. 90ನ್ನು 75ರಿಂದ ಭಾಗಿಸಿ 8ರಿಂದ ಗುಣಿಸಿದರೆ ಬರುವ ಲೆಕ್ಕ ಅದು. ಆದರೆ ಒಂದು ಮಾತು. ಹಳೇ ಬೀಜದಲ್ಲಿ ಮೊಳಕೆಯ ಜೊತೆಗೆ ಕಸುವೂ ಇಳಿದಿರುತ್ತದೆ. ಒದ್ದೆ ಗೋಣಿಯಲ್ಲಿ ಹುಟ್ಟಿದ್ದು ಹೆಪ್ಪುಗಟ್ಟಿದ ಮಣ್ಣಿನಲ್ಲಿ ಹುಟ್ಟದೇ ಇರಬಹುದು. 60ಕ್ಕಿಂತ ಕೆಳಗೆ ಬಂದರೆ ನಾನು ಬಿತ್ತುವುದಿಲ್ಲ.

ಹಾಗೆ ಬಿಟ್ಟ ಬೀಜವನ್ನು ಕೋಳಿಗೆ, ದನಕ್ಕೆ ಹಾಕಬೇಡಿ. ಕೆಂಪು, ಗುಲಾಬಿ, ಹಸಿರು ಬಣ್ಣ ಹಚ್ಚಿರುವುದು ಚೆಂದಕ್ಕಲ್ಲ. ಅದು ಔಷಧಿ ಲೇಪ ಮಾಡಿದ ಗುರುತು. ತೊಳೆದರೂ ಅದು ತಿನ್ನುವ ಕಾಳು ಆಗೋದಿಲ್ಲ.

ಮನೆಯ ಶೇಂಗಾ ಬೀಜ ಹೇಗೆ ಇಡಬೇಕು?

ಕಾಯಿಯಲ್ಲೇ ಇಡಿ. ಸುಲಿದ ಶೇಂಗಾ ಬೀಜಕ್ಕೆ ಆಯುಷ್ಯ ಕಡಿಮೆ. ತೊಗಟೆ ತೆಳು, ಎಣ್ಣೆ ಜಾಸ್ತಿ, ಸ್ವಲ್ಪ ತಾಗಿದರೂ ಹೋಳಾಗುತ್ತದೆ. ಬಿತ್ತುವ ವಾರದಲ್ಲಿ ಸುಲಿದರೆ ಸಾಕು. ಒಣಗಿದೆಯಾ ಅಂತ ನೋಡೋಕೆ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಕಾಳು ಗಲಗಲ ಅನ್ನಬೇಕು.

ಬೀಜ ಯಾವುದೇ ಇರಲಿ, ಎರಡಕ್ಕೆ ಅಂಜುತ್ತದೆ: ತೇವ ಮತ್ತು ಬಿಸಿ. ಬೀಜದ ತೇವ ಶೇಕಡಾ ಒಂದು ಇಳಿದರೆ ಅದರ ಬಾಳಿಕೆ ಸುಮಾರು ಎರಡು ಪಟ್ಟಾಗುತ್ತದೆ ಅನ್ನೋದು ಬೀಜದವರ ಹಳೇ ಲೆಕ್ಕ. ಇಟ್ಟ ಜಾಗದ ಬಿಸಿ ಐದು ಡಿಗ್ರಿ ಇಳಿದರೂ ಅಷ್ಟೇ. ತಗಡಿನ ಚಾವಣಿಯ ಕೆಳಗಿನ ಅಟ್ಟ ಏಪ್ರಿಲ್‌ನಲ್ಲಿ ಎಷ್ಟು ಕಾಯುತ್ತದೆ ಅಂತ ನಿಮಗೇ ಗೊತ್ತು. ಬೀಜಕ್ಕೆ ಅಟ್ಟಕ್ಕಿಂತ ಒಳಮನೆಯ ತಂಪು ಮೂಲೆ ವಾಸಿ.

ಎಷ್ಟು ಗೊಬ್ಬರ ತರಬೇಕು ಅಂತ ಮುಂಚೆ ಹೇಗೆ ಗೊತ್ತಾಗುತ್ತದೆ?

ನಮ್ಮ ಎರಡು ಎಕರೆ ಗೋವಿನಜೋಳದ ಲೆಕ್ಕವನ್ನೇ ಮಾಡಿ ತೋರಿಸುತ್ತೇನೆ. ಮಳೆ ಆಶ್ರಯದ ಬೆಳೆಗೆ ಎಕರೆಗೆ 40 ಕಿಲೋ ಸಾರಜನಕ, 20 ಕಿಲೋ ರಂಜಕ, 10 ಕಿಲೋ ಪೊಟ್ಯಾಷ್ ಅಂತ ಹಿಡಿಯೋಣ. ಮಣ್ಣು ಪರೀಕ್ಷೆಯ ಚೀಟಿ ಬೇರೆ ಹೇಳಿದರೆ ಅದೇ ಲೆಕ್ಕ.

ಮೊದಲು ರಂಜಕ. ಡಿಎಪಿಯಲ್ಲಿ ರಂಜಕ ಶೇಕಡಾ 46. ಹಾಗಾಗಿ 20 ಕಿಲೋ ರಂಜಕಕ್ಕೆ ಸುಮಾರು 43.5 ಕಿಲೋ ಡಿಎಪಿ ಬೇಕು. ಡಿಎಪಿಯಲ್ಲಿ ಶೇಕಡಾ 18 ಸಾರಜನಕವೂ ಇದೆ, ಆದ್ದರಿಂದ ಇದರ ಜೊತೆಗೇ ಸುಮಾರು 8 ಕಿಲೋ ಸಾರಜನಕ ಬಂದುಬಿಡುತ್ತದೆ. ಇದನ್ನು ಕಳೆಯೋದನ್ನು ಬಹಳ ಜನ ಮರೆಯುತ್ತಾರೆ. ಉಳಿದ 32 ಕಿಲೋ ಸಾರಜನಕಕ್ಕೆ ಸುಮಾರು 70 ಕಿಲೋ ಯೂರಿಯಾ, ಯಾಕೆಂದರೆ ಅದರಲ್ಲಿರೋದು ಶೇಕಡಾ 46. ಪೊಟ್ಯಾಷ್ ಗೊಬ್ಬರದಲ್ಲಿ ಶೇಕಡಾ 60 ಇರುವುದರಿಂದ 17 ಕಿಲೋ ಸಾಕು.

ಎರಡು ಎಕರೆಗೆ ಒಟ್ಟು ಡಿಎಪಿ 87 ಕಿಲೋ, ಯೂರಿಯಾ 140, ಪೊಟ್ಯಾಷ್ 34. ಈಗ ಚೀಲದ ಲೆಕ್ಕ. ಡಿಎಪಿ, ಪೊಟ್ಯಾಷ್ ಚೀಲ 50 ಕಿಲೋದ್ದು. ಯೂರಿಯಾ ಚೀಲ ಈಗ 45 ಕಿಲೋದ್ದು, ಹಳೇ ಲೆಕ್ಕದ 50 ಅಲ್ಲ. ಡಿಎಪಿ ಎರಡು ಚೀಲ ತಂದರೆ 13 ಕಿಲೋ ಉಳಿಯುತ್ತದೆ. ಪೊಟ್ಯಾಷ್ ಒಂದು ಚೀಲ, 16 ಕಿಲೋ ಉಳಿಯುತ್ತದೆ. ಯೂರಿಯಾ ಮೂರು ಚೀಲಕ್ಕೆ 135 ಕಿಲೋ. ಐದು ಕಿಲೋ ಕೊರತೆಗಾಗಿ ನಾಲ್ಕನೇ ಚೀಲ ತಂದು 40 ಕಿಲೋ ಉಳಿಸಿಕೊಳ್ಳೋದು ಬೇಡ. ಮೂರೇ ತರುತ್ತೇನೆ. ಉಳಿದ ಡಿಎಪಿ, ಪೊಟ್ಯಾಷನ್ನು ಅದೇ ಹಂಗಾಮಿನಲ್ಲಿ ಮೆಣಸಿನ ಪಾಲಿಗೆ ಬರೆದುಬಿಡುತ್ತೇನೆ. ತರುವ ದಿನವೇ ಉಳಿಕೆ ಎಲ್ಲಿ ಹೋಗಬೇಕು ಅಂತ ಬರೆದರೆ ಅದು ಮೂಲೆ ಸೇರೋದಿಲ್ಲ.

ಯೂರಿಯಾ ಗಟ್ಟಿಯಾಗಿದೆ. ಎಸೆಯಬೇಕಾ?

ಬೇಡ. ಗಾಳಿಯ ತೇವ ಎಳೆದುಕೊಂಡು ಹೆಂಟೆ ಕಟ್ಟಿದೆ ಅಷ್ಟೇ, ಸಾರಜನಕ ಅಲ್ಲೇ ಇದೆ. ಕುಟ್ಟಿ ಪುಡಿ ಮಾಡಿ ಹಾಕಬಹುದು. ಆದರೆ ಹೆಂಟೆ ಹಾಗೇ ಬಿದ್ದರೆ ಬಿದ್ದ ಕಡೆಯ ಗಿಡ ಸುಡುತ್ತದೆ. ಚೀಲದ ಅಡಿಯಿಂದ ನೀರು ಜಿನುಗಿದ್ದರೆ ಅಷ್ಟು ಗೊಬ್ಬರ ಹೋಯಿತು ಅಂತಲೇ ಲೆಕ್ಕ.

ಚೀಲಗಳನ್ನು ಬರೀ ನೆಲದ ಮೇಲೆ ಇಡಬೇಡಿ. ಕೆಳಗೆ ಕಟ್ಟಿಗೆ ಹಲಗೆ ಹಾಕಿ, ಗೋಡೆಯಿಂದ ಒಂದು ಗೇಣು ದೂರ ಇಡಿ. ಬಿಚ್ಚಿದ ಚೀಲದ ಬಾಯಿಯನ್ನು ಒಳಗಿನ ಪ್ಲಾಸ್ಟಿಕ್ ಸಮೇತ ತಿರುಚಿ ಬಿಗಿಯಾಗಿ ಕಟ್ಟಿ. ಯೂರಿಯಾ ಮತ್ತು ಸೂಪರ್ ಫಾಸ್ಫೇಟ್ ಬೆರೆಸಿ ಇಡಬೇಡಿ, ರಾತ್ರಿ ಕಳೆಯೋದರೊಳಗೆ ಕೆಸರಾಗುತ್ತದೆ. ಬೆರೆಸಲೇಬೇಕಾದರೆ ಹಾಕುವ ಹೊತ್ತಿಗೆ ಬೆರೆಸಿ. ಸುಣ್ಣದ ಹತ್ತಿರವಂತೂ ಬೇಡವೇ ಬೇಡ, ಸಾರಜನಕ ಅಮೋನಿಯಾ ವಾಸನೆಯಾಗಿ ಹಾರಿಹೋಗುತ್ತದೆ.

ದನದ ಕೊಟ್ಟಿಗೆಯಲ್ಲಿ ಯೂರಿಯಾ ಇಡುವವರು ಬಹಳ. ನಾವೂ ಇಡುತ್ತಿದ್ದೆವು. ಉಪ್ಪಿನ ಹಾಗೆ ಇರುವುದರಿಂದ ದನ ನೆಕ್ಕುತ್ತವೆ. ಹೊಟ್ಟೆಯಲ್ಲಿ ಅದು ಬೇಗನೆ ಅಮೋನಿಯಾ ಆಗುತ್ತದೆ. ನಡುಕ, ಬಾಯಲ್ಲಿ ನೊರೆ, ಹೊಟ್ಟೆ ಉಬ್ಬರ ಕಂಡರೆ ಕಾಯುವ ಹೊತ್ತು ಇರೋದಿಲ್ಲ, ತಕ್ಷಣ ಪಶುವೈದ್ಯರನ್ನು ಕರೆಯಿರಿ. ಖಾಲಿ ಯೂರಿಯಾ ಚೀಲವನ್ನು ದನ ನೀರು ಕುಡಿಯುವ ಬಾನಿಯಲ್ಲಿ ತೊಳೆಯೋದೂ ಅಷ್ಟೇ ಅಪಾಯ.

ಔಷಧಿ ಎಷ್ಟು ತರಬೇಕು ಅನ್ನೋದಕ್ಕೂ ಲೆಕ್ಕ ಇದೆಯಾ?

ಪಂಪಿನ ಕಲಂ ಅಂತ ಮೇಲೆ ಹೇಳಿದೆನಲ್ಲ, ಅದು ಇಲ್ಲಿ ಬೇಕಾಗುತ್ತದೆ. ಗೋವಿನಜೋಳದ ಸುಳಿಗೆ ಬೀಳುವ ಸೈನಿಕ ಹುಳು 2018ರಲ್ಲಿ ದೇಶದಲ್ಲೇ ಮೊದಲು ಕಂಡದ್ದು ನಮ್ಮ ಪಕ್ಕದ ಶಿವಮೊಗ್ಗದಲ್ಲಿ. ಆಮೇಲೆ ಪ್ರತಿ ವರ್ಷ ಬರುತ್ತಿದೆ. ಅದಕ್ಕೆ ಎಮಾಮೆಕ್ಟಿನ್ ಬೆಂಜೊಯೇಟ್ ಶೇಕಡಾ 5ರ ಪುಡಿಯನ್ನು ಲೀಟರಿಗೆ 0.4 ಗ್ರಾಂ ಹಾಕುತ್ತಾರೆ. ನಮ್ಮ ಪಂಪು 16 ಲೀಟರಿನದು. ಒಂದು ಪಂಪಿಗೆ 6.4 ಗ್ರಾಂ. ಸುಳಿಗೆ ಮಾತ್ರ ಬೀಳುವ ಹಾಗೆ ಹೊಡೆದಾಗ ಎರಡು ಎಕರೆಗೆ 15 ಪಂಪು ಆಗಿತ್ತು ಅಂತ ಪುಸ್ತಕ ಹೇಳುತ್ತದೆ. ಒಟ್ಟು 96 ಗ್ರಾಂ. ನೂರು ಗ್ರಾಮಿನ ಒಂದೇ ಪಾಕೀಟು ಸಾಕು. ಪುಸ್ತಕ ಇಲ್ಲದ ಕಾಲದಲ್ಲಿ ‘ಇರಲಿ’ ಅಂತ 250 ಗ್ರಾಂ ತರುತ್ತಿದ್ದೆ. ಉಳಿದ ಪುಡಿ ಮಳೆಗಾಲದಲ್ಲಿ ತೇವ ಹಿಡಿದು ಉಂಡೆಯಾಗುತ್ತಿತ್ತು.

ಬೆಳೆ ದೊಡ್ಡದಾದಾಗ ಪಂಪು ಜಾಸ್ತಿ ಆಗುತ್ತದೆ. ಅದಕ್ಕೇ ಬಿತ್ತಿ ಎಷ್ಟು ದಿನಕ್ಕೆ ಹೊಡೆದದ್ದು ಅಂತಲೂ ಪಕ್ಕದಲ್ಲಿ ಬರೆದಿಡಿ.

ಉಳಿದ ಔಷಧಿ ಕೆಟ್ಟಿದೆಯಾ ಅಂತ ಹೇಗೆ ಗೊತ್ತಾಗುತ್ತದೆ?

ಅವಧಿ ಮುಗಿದಿದ್ದರೆ ಪರೀಕ್ಷೆ ಮಾಡುವ ಮಾತೇ ಇಲ್ಲ, ಬಳಸಬೇಡಿ. ಅವಧಿ ಇದ್ದರೂ ಬಿಸಿಲು, ತೇವಕ್ಕೆ ಕೆಟ್ಟಿರಬಹುದು. ಕೈಗವಸು ಹಾಕಿಕೊಂಡು, ಮತ್ತೆ ಮನೆ ಬಳಕೆಗೆ ಬಾರದ ಒಂದು ಹಳೇ ಪಾರದರ್ಶಕ ಬಾಟಲಿಯಲ್ಲಿ ನೀರು ತೆಗೆದುಕೊಂಡು ನೋಡಿ.

ಡಬ್ಬಿಯ ಮೇಲೆ ‘ಇಸಿ’ ಅಂತ ಇದ್ದರೆ ಅದು ಎಣ್ಣೆಯಂಥ ಔಷಧಿ. ನಾಲ್ಕು ಹನಿ ನೀರಿಗೆ ಬಿಟ್ಟರೆ ಹಾಲಿನ ಹಾಗೆ ಹರಡಬೇಕು. ಎಣ್ಣೆ ಮೇಲೆ ತೇಲಿದರೆ, ಇಲ್ಲಾ ಸ್ವಲ್ಪ ಹೊತ್ತಿಗೇ ಪದರ ಬೇರೆಯಾದರೆ ಕೆಟ್ಟಿದೆ. ‘ಡಬ್ಲ್ಯೂಪಿ’ ಅಂದರೆ ನೀರಿನಲ್ಲಿ ಕದಡುವ ಪುಡಿ. ಅದು ನೀರಿನಲ್ಲಿ ತೇಲಿಕೊಂಡು ನಿಲ್ಲಬೇಕು. ಉಂಡೆಯಾಗಿ ಸೀದಾ ತಳಕ್ಕೆ ಹೋದರೆ ಪಂಪಿನ ನಾಜಲ್ ಕಟ್ಟುತ್ತದೆ, ಎಲೆಗೂ ಸಮನಾಗಿ ಬೀಳೋದಿಲ್ಲ. ‘ಎಸ್‌ಸಿ’ ಔಷಧಿ ತಳಕ್ಕೆ ಕೂರೋದು ಸಹಜ. ಮುಚ್ಚಿದ ಬಾಟಲಿಯನ್ನು ಚೆನ್ನಾಗಿ ಅಲ್ಲಾಡಿಸಿದರೆ ಮತ್ತೆ ಬೆರೆಯಬೇಕು. ತಳದಲ್ಲಿ ಗಾರೆ ಹಾಗೆ ಕಚ್ಚಿಕೊಂಡಿದ್ದರೆ ಬೇಡ.

ಈ ಪರೀಕ್ಷೆಯಲ್ಲಿ ಪಾಸಾದ ಮಾತ್ರಕ್ಕೆ ಒಳಗಿನ ವಿಷದ ಅಂಶ ಪೂರ್ತಿ ಇದೆ ಅಂತಲ್ಲ. ಅದನ್ನು ಪ್ರಯೋಗಾಲಯ ಮಾತ್ರ ಹೇಳಬಲ್ಲದು.

ಡಬ್ಬಿಯ ಮೇಲಿನ ಬಣ್ಣದ ತ್ರಿಕೋನ ಪುಸ್ತಕದಲ್ಲಿ ಬರೆಯಬೇಕಾ?

ಬರೆಯಿರಿ, ಒಂದಕ್ಷರ ಸಾಕು. ಕೆಂಪು ಎಲ್ಲಕ್ಕಿಂತ ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಹಸಿರು ಅಂದರೆ ಬೇವಿನ ಕಷಾಯದ ಹಾಗೆ ಅಂದುಕೊಳ್ಳುವವರಿದ್ದಾರೆ. ಅದೂ ವಿಷವೇ, ಕಡಿಮೆ ಅಷ್ಟೇ.

ಅಟ್ಟದಲ್ಲಿ ಹಳೇ ಡಬ್ಬಿ ಸಿಕ್ಕಿದರೆ ಹೆಸರನ್ನೂ ನೋಡಿ. ಎಂಡೋಸಲ್ಫಾನ್ 2011ರಲ್ಲೇ ನಿಂತಿದೆ. ಫೋರೇಟ್, ಟ್ರೈಯಾಜೋಫಾಸ್, ಡೈಕ್ಲೋರ್‌ವಾಸ್ 2020ರ ಕೊನೆಗೆ ನಿಂತವು. ಇವು ಸಿಕ್ಕಿದರೆ ಹೊಲಕ್ಕೂ ಹಾಕಬೇಡಿ, ಹಳ್ಳಕ್ಕೂ ಸುರಿಯಬೇಡಿ. ಮುಚ್ಚಿ, ಬೇರೆ ಇಟ್ಟು, ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ.

ಗೋದಾಮು ಇಲ್ಲ. ಔಷಧಿ ಎಲ್ಲಿ ಇಡೋದು?

ನಮಗೂ ಗೋದಾಮು ಇಲ್ಲ. ಹಿತ್ತಲಿನ ಸಾಮಾನಿನ ಕೋಣೆಯಲ್ಲಿ ಬೀಗ ಹಾಕುವ ಒಂದು ತಗಡಿನ ಪೆಟ್ಟಿಗೆ ಇಟ್ಟಿದ್ದೇವೆ. ಅದಕ್ಕೆ ಎರಡು ಹಲಗೆ. ಮೇಲಿನದರಲ್ಲಿ ಪುಡಿ, ಕೆಳಗಿನದರಲ್ಲಿ ದ್ರವ. ತಿರುಗಾಮುರುಗಾ ಇಟ್ಟರೆ ಸೋರಿದ ದ್ರವ ಪುಡಿಯ ಪಾಕೀಟಿನ ಮೇಲೆ ಬೀಳುತ್ತದೆ. ತಳದಲ್ಲಿ ಒಂದು ಬುಟ್ಟಿ ಮರಳು ಇದೆ. ಚೆಲ್ಲಿದರೆ ಮೊದಲು ಮರಳು ಹಾಕಿ ಹೀರಿಸಬೇಕು. ನೀರು ಹಾಕಿ ತೊಳೆಯೋಕೆ ಹೋದರೆ ಅದು ಇನ್ನಷ್ಟು ಜಾಗಕ್ಕೆ ಹರಡುತ್ತದೆ.

ಕಳೆ ಔಷಧಿಗೆ ಬೇರೆ ಡಬ್ಬ, ಬೇರೆ ಪಂಪು. ಪಂಪನ್ನು ಎಷ್ಟು ತೊಳೆದರೂ 2,4-ಡಿ ಸ್ವಲ್ಪ ಉಳಿಯುತ್ತದೆ, ಮೆಣಸು ಅದನ್ನು ಹಿಡಿದು ತೋರಿಸುತ್ತದೆ. ಬೀಜವನ್ನೂ ಈ ಕೋಣೆಯಲ್ಲಿ ಇಡಬೇಡಿ. ಟ್ರೈಕೋಡರ್ಮಾ, ರೈಜೋಬಿಯಂ ಪುಡಿಗಳನ್ನೂ ಬೇಡ. ಅವು ಜೀವಂತ ಸಾಮಾನು. ಬಿಸಿಗೆ, ಶಿಲೀಂಧ್ರದ ಔಷಧಿಗೆ ಸಾಯುತ್ತವೆ. ಪಾಕೀಟು ನೋಡೋಕೆ ಹಾಗೇ ಇರುತ್ತದೆ, ಒಳಗೆ ಮಾತ್ರ ಏನೂ ಇರೋದಿಲ್ಲ.

ಬೇರೆ ಬಾಟಲಿಗೆ ಸುರಿಯೋದು ಯಾವತ್ತೂ ಬೇಡ. ಮುಚ್ಚಳ ಒಡೆದರೆ ಆ ಡಬ್ಬಿಯನ್ನೇ ಅಗಲವಾದ ಇನ್ನೊಂದು ಡಬ್ಬದಲ್ಲಿ ನಿಲ್ಲಿಸಿ. ಚೀಟಿ ಕಿತ್ತುಹೋಗುವ ಹಾಗಿದ್ದರೆ ಅದರ ಮೇಲೆ ಅಗಲ ಟೇಪು ಸುತ್ತಿ.

ಖಾಲಿ ಬಾಟಲಿ?

ಕೊನೆಯ ಪಂಪು ತುಂಬುವಾಗ ಬಾಟಲಿಗೆ ಕಾಲುಭಾಗ ನೀರು ಹಾಕಿ ಕುಲುಕಿ ಪಂಪಿಗೇ ಸುರಿಯಿರಿ. ಹೀಗೆ ಮೂರು ಸಲ. ಔಷಧಿಯೂ ದಂಡವಾಗೋದಿಲ್ಲ. ಆಮೇಲೆ ತಳಕ್ಕೆ ಮೊಳೆ ಹೊಡೆದು ತೂತು ಮಾಡಿ, ಯಾರೂ ಎಣ್ಣೆ ತರೋಕೆ ಒಯ್ಯದ ಹಾಗೆ. ಸುಡಬೇಡಿ, ಆ ಹೊಗೆಯೂ ವಿಷ. ಪುಸ್ತಕದಲ್ಲಿ ಆ ಬ್ಯಾಚಿನ ಎದುರು ‘ಖಾಲಿ, ತೂತು’ ಅಂತ ಬರೆದು ಗೆರೆ ಎಳೆಯುತ್ತೇನೆ.

ಮೊಬೈಲ್‌ನಲ್ಲಿ ಬರೆದರೆ ಆಗೋದಿಲ್ವಾ?

ಆಗುತ್ತದೆ. ಆದರೆ ಮೊಬೈಲ್ ನನ್ನ ಜೇಬಿನಲ್ಲಿ ಇರುತ್ತದೆ, ಪುಸ್ತಕ ಕೋಣೆಯ ಬಾಗಿಲಿಗೆ ನೇತಾಡುತ್ತದೆ. ನಾನಿಲ್ಲದಾಗ ಪಂಪು ತೆಗೆಯುವವರು ನನ್ನ ಹೆಂಡತಿ, ಇಲ್ಲಾ ಕಾಕಾ. ಬರೆಯುವ ಕೈ ಅವರದೂ ಹೌದು.

ಉಳಿಕೆ ಎಣಿಸೋದು ಯಾವಾಗ?

ವರ್ಷಕ್ಕೆ ಎರಡು ಸಲ. ಕೃತ್ತಿಕಾ ಮಳೆಗೆ ಮುಂಚೆ ಒಂದು ಸಲ, ಅಂದರೆ ಬೀಜ, ಗೊಬ್ಬರ ತರೋಕೆ ಹೋಗುವ ಮುಂಚೆ. ದೀಪಾವಳಿಗೆ ಮನೆ ಸ್ವಚ್ಛ ಮಾಡುವಾಗ ಇನ್ನೊಂದು ಸಲ. ಪುಸ್ತಕದ ಲೆಕ್ಕಕ್ಕೂ ಕಣ್ಣೆದುರಿನ ಸಾಮಾನಿಗೂ ತಾಳೆಯಾಗದಿದ್ದರೆ ಯಾರು ಒಯ್ದರು ಅಂತ ಅವತ್ತೇ ಕೇಳಿ. ಅವಧಿ ಮೊದಲು ಮುಗಿಯುವುದನ್ನು ಮುಂದಕ್ಕೆ ಇಡಿ, ಹೊಸದು ಹಿಂದಕ್ಕೆ.

ಯಾರಾದರೂ ತಪ್ಪಿ ಕುಡಿದರೆ, ಮೈಮೇಲೆ ಬಿದ್ದರೆ?

ಮೈಮೇಲೆ ಬಿದ್ದರೆ ಬಟ್ಟೆ ತೆಗೆಸಿ ಸೋಪು, ಧಾರಾಳ ನೀರಿನಿಂದ ತೊಳೆಯಿರಿ. ಕಣ್ಣಿಗೆ ಬಿದ್ದರೆ ಬರೀ ನೀರು, ಹದಿನೈದು ನಿಮಿಷ. ಕುಡಿದಿದ್ದರೆ ನಿಮ್ಮಷ್ಟಕ್ಕೆ ನೀವೇ ವಾಂತಿ ಮಾಡಿಸಬೇಡಿ. ಎಣ್ಣೆಯಂಥ ಔಷಧಿ ವಾಪಸ್ ಬರುವಾಗ ಶ್ವಾಸಕೋಶಕ್ಕೆ ಇಳಿಯುತ್ತದೆ. 108ಕ್ಕೆ ಫೋನ್ ಮಾಡಿ, ಡಬ್ಬಿಯನ್ನು ಜೊತೆಗೇ ಒಯ್ಯಿರಿ. ಯಾವ ವಿಷಕ್ಕೆ ಯಾವ ಮದ್ದು ಅಂತ ಅದರ ಚೀಟಿಯ ಮೇಲೇ ಬರೆದಿರುತ್ತದೆ, ವೈದ್ಯರಿಗೆ ಅದು ಬೇಕು. ದೆಹಲಿಯ ಏಮ್ಸ್‌ನ ವಿಷ ಮಾಹಿತಿ ಕೇಂದ್ರದ ಉಚಿತ ನಂಬರು 1800 116 117. ಈ ಎರಡು ನಂಬರನ್ನೂ ಪೆಟ್ಟಿಗೆಯ ಮುಚ್ಚಳದ ಮೇಲೆ ಕೆಂಪು ಬಣ್ಣದಲ್ಲಿ ಬರೆಸಿದ್ದೇವೆ. ಬರೆದದ್ದು ನಮ್ಮ ಕಾಕಾನೇ.